ವೇರಿಯೆಂಟ್ ಪಟ್ಟಿಯಲ್ಲಿ ಕಾಣದ 13 ಮಿಲಿಮೀಟರ್

ಹೋದ ಜುಲೈನಲ್ಲಿ ಮೂರ್ನಾಡು ದಾಟಿ ನಾಪೋಕ್ಲು ಕಡೆ ಹೋಗುತ್ತಿದ್ದೆ. ಸಂಜೆ ಐದು ಗಂಟೆ, ಆದರೆ ಮಳೆಗೆ ಏಳಾದ ಹಾಗೆ ಕತ್ತಲು. ಎದುರಿಗೆ ಬಸ್ ಬಂತು. ನಮ್ಮ ಕಡೆ ಬಸ್ಸಿಗೆ ಜಾಗ ಬಿಡುವುದು ಅಂದರೆ ಎಡಗಡೆಯ ಎರಡು ಚಕ್ರ ಡಾಂಬರಿನಿಂದ ಕೆಳಗಿಳಿಸುವುದು ಅಂತಲೇ ಅರ್ಥ. ಇಳಿಸಿದೆ. ಬಸ್ ಹೋಯಿತು. ಮತ್ತೆ ಮೇಲೆ ಹತ್ತಿಸುವಾಗ ‘ಟಕ್’ ಅಂತ ಒಂದು ಸದ್ದು ಕೇಳಿಸಿತು. ವೇಗ ಇಪ್ಪತ್ತೈದೂ ಇರಲಿಲ್ಲ. ಗಾಳಿ ಇಳಿಯಲಿಲ್ಲ, ಸ್ಟಿಯರಿಂಗ್ ಎಳೆಯಲಿಲ್ಲ. ಆ ವಿಷಯ ಅಲ್ಲಿಗೇ ಮರೆತುಬಿಟ್ಟೆ.

ಮೂರು ದಿನ ಬಿಟ್ಟು ಕೆಸರು ತೊಳೆಯಲು ನೀರು ಬಿಟ್ಟಾಗ ಕಂಡಿತು. ಎಡಗಡೆ ಮುಂದಿನ ಟೈರಿನ ಪಕ್ಕದಲ್ಲಿ ಅರ್ಧ ನಿಂಬೆಹಣ್ಣು ಅಂಟಿಸಿದ ಹಾಗೆ ಒಂದು ಉಬ್ಬು.

ಮಡಿಕೇರಿಯ ಟೈರ್ ಅಂಗಡಿಯವರು ಅದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. “ಇದಕ್ಕೆ ಪ್ಯಾಚ್ ಗೀಚ್ ಏನೂ ಇಲ್ಲ ಸಾರ್, ಹೊಸದೇ ಹಾಕ್ಬೇಕು” ಅಂದರು. ಆಮೇಲೆ ಚಕ್ರದ ಕಡೆ ಒಮ್ಮೆ ನೋಡಿ, “ನಿಮ್ದು ಟಾಪ್ ಎಂಡ್ ಅಲ್ವಾ? ಕೆಳಗಿನ ಮಾಡೆಲ್ ಆಗಿದ್ರೆ ಈ ಪೆಟ್ಟು ತಡ್ಕೊಳ್ತಿತ್ತೇನೋ” ಅಂದರು.

ನನಗೆ ಸ್ವಲ್ಪ ಸಿಟ್ಟೇ ಬಂತು. ಎರಡೂ ಒಂದೇ ಕಾರು. ಅದೇ ಎಂಜಿನ್, ಅದೇ ಬಾಡಿ. ಮೇಲಿನದಕ್ಕೆ ನಾನು ಸುಮಾರು ಒಂದು ಲಕ್ಷ ಜಾಸ್ತಿ ಕೊಟ್ಟಿದ್ದೆ. ಜಾಸ್ತಿ ಕೊಟ್ಟವನ ಟೈರ್ ಮೊದಲು ಹೋಗುವುದು ಯಾವ ನ್ಯಾಯ? ಮನೆಗೆ ಬಂದು ಬ್ರೋಷರ್‌ನ ಕೊನೆಯ ಪುಟ ತೆಗೆದೆ. ಸಣ್ಣ ಅಕ್ಷರದಲ್ಲಿ ಉತ್ತರ ಅಲ್ಲೇ ಇತ್ತು. ಕಾರು ತೆಗೆದುಕೊಳ್ಳುವಾಗ ಆ ಸಾಲನ್ನು ನಾನು ಓದಿಯೇ ಇರಲಿಲ್ಲ.

ಈಗ ಇದನ್ನು ಬರೆಯಲು ಕಾರಣ ನಮ್ಮ ಭಾವ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತಲ್ಲ, ಅದರ ಮೇಲಿದ್ದ ಸೆಸ್ ಕೂಡ ಹೋಯಿತು. ಆಗಿನಿಂದ ಶೋರೂಮ್‌ಗಳಲ್ಲಿ ಒಂದೇ ಮಾತು: “ಉಳಿದ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ವೇರಿಯೆಂಟ್ ತಗೊಳ್ಳಿ ಸಾರ್.” ಭಾವ ಮೂರು ವೇರಿಯೆಂಟ್‌ನ ಪಟ್ಟಿ ಹಿಡಿದುಕೊಂಡು ಮನೆಗೆ ಬಂದಿದ್ದರು. ಪರದೆ ಎಷ್ಟು ಇಂಚು, ಸ್ಪೀಕರ್ ಎಷ್ಟು, ಕ್ಯಾಮೆರಾ ಎಷ್ಟು ಎಲ್ಲದಕ್ಕೂ ಪೆನ್ನಲ್ಲಿ ಟಿಕ್ ಹಾಕಿದ್ದರು. ಟೈರಿನ ಸಾಲಿಗೆ ಮಾತ್ರ ಯಾವ ಗುರುತೂ ಇರಲಿಲ್ಲ.

ಆ ಸಾಲನ್ನು ಓದುವುದು ಕಷ್ಟವೇನಲ್ಲ. ನಾಲ್ಕು ಮೀಟರಿನ ಒಳಗಿನ ದೊಡ್ಡ ಹ್ಯಾಚ್‌ಬ್ಯಾಕ್‌ಗಳನ್ನೇ ತೆಗೆದುಕೊಳ್ಳೋಣ. ಬಲೆನೊ, ಐ20 ಎರಡರಲ್ಲೂ ಕೆಳಗಿನ ವೇರಿಯೆಂಟ್‌ಗಳಿಗೆ 185/65 R15 ಟೈರ್, ಮೇಲಿನವಕ್ಕೆ 195/55 R16. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಕೊನೆಯದು ರಿಮ್ಮಿನ ಅಳತೆ, ಇಂಚಿನಲ್ಲಿ. ನಡುವಿನ ಅಂಕಿಯನ್ನೇ ಪ್ರೊಫೈಲ್ ಅನ್ನುವುದು. ಅದು ಮಿಲಿಮೀಟರ್ ಅಲ್ಲ, ಶೇಕಡಾ. ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ಅಗಲದ ಶೇಕಡಾ ಎಷ್ಟು ಎತ್ತರ ಇದೆ ಅಂತ ಅದು ಹೇಳುತ್ತದೆ.

ಮೊಬೈಲ್ ಕ್ಯಾಲ್ಕುಲೇಟರ್ ತೆಗೆಯಿರಿ. 185ರ ಶೇ 65 ಅಂದರೆ 120 ಮಿ.ಮೀ. 195ರ ಶೇ 55 ಅಂದರೆ 107 ಮಿ.ಮೀ. ಈಗ ಪೂರ್ತಿ ಚಕ್ರದ ಎತ್ತರ ನೋಡೋಣ. 15 ಇಂಚು ಅಂದರೆ 381 ಮಿ.ಮೀ. ಅದಕ್ಕೆ ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿಸಿದರೆ 621.5. ಇನ್ನೊಂದರ 16 ಇಂಚು ಅಂದರೆ 406.4. ಅದಕ್ಕೂ ಹಾಗೇ ಸೇರಿಸಿದರೆ 620.9. ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಎತ್ತರ, ಅರ್ಧ ಮಿಲಿಮೀಟರ್ ಅಷ್ಟೇ ವ್ಯತ್ಯಾಸ. ಕಾರಿನ ಎತ್ತರ ಬದಲಾಗುವುದಿಲ್ಲ, ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಕಂಪನಿಯವರು ಬೇಕೆಂದೇ ಹೀಗೆ ಹೊಂದಿಸಿರುತ್ತಾರೆ.

ಹಾಗಾದರೆ ಒಂದು ಇಂಚು ದೊಡ್ಡ ರಿಮ್ಮಿಗೆ ಜಾಗ ಎಲ್ಲಿಂದ ಬಂತು? ರಬ್ಬರಿನಿಂದ. ಸುತ್ತಲೂ 13 ಮಿ.ಮೀ. ಸೈಡ್‌ವಾಲ್ ತೆಗೆದು ಅಲ್ಲಿ ಲೋಹ ತುಂಬಿದ್ದಾರೆ. ಚಂದ ಕಾಣುವುದೂ ಅದಕ್ಕೇ. ದೂರದಿಂದ ನೋಡಿದರೆ ಚಕ್ರದ ತುಂಬ ಅಲಾಯ್ ಕಾಣುತ್ತದೆ.

ಹದಿಮೂರು ಮಿಲಿಮೀಟರ್ ಅಂದರೆ ಒಂದು ಬೆರಳಿನಷ್ಟೂ ಇಲ್ಲವಲ್ಲ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಪೆಟ್ಟು ಬಿದ್ದಾಗ ಪೂರ್ತಿ 120 ಅಥವಾ 107 ಮಿ.ಮೀ. ಕೆಲಸಕ್ಕೆ ಬರುವುದಿಲ್ಲ. ರಿಮ್ಮಿನ ಅಂಚು ಸುಮಾರು 17 ಮಿ.ಮೀ. ಮೇಲೆದ್ದು ಟೈರನ್ನು ಹಿಡಿದುಕೊಂಡಿರುತ್ತದೆ. ಅಷ್ಟು ಭಾಗ ಲೆಕ್ಕದಿಂದ ಹೊರಗೆ. ಕಾರಿನ ಭಾರಕ್ಕೆ ಟೈರ್ ಕೆಳಗಡೆ ಮೊದಲೇ ಎರಡು ಸೆಂಟಿಮೀಟರ್‌ನಷ್ಟು ತಗ್ಗಿರುತ್ತದೆ. ಅದನ್ನೂ ಕಳೆಯಿರಿ. ಉಳಿಯುವುದು ಒಂದರಲ್ಲಿ 83 ಮಿ.ಮೀ., ಇನ್ನೊಂದರಲ್ಲಿ 70. ರಸ್ತೆಯ ಅಂಚಿಗೂ ರಿಮ್ಮಿಗೂ ನಡುವೆ ಇರುವ ಮೆತ್ತೆ ಇಷ್ಟೇ. ಎರಡನೆಯದರಲ್ಲಿ ಅದು ಸುಮಾರು ಶೇ 16ರಷ್ಟು ಕಡಿಮೆ. ಗಾಳಿ ನಾಲ್ಕೈದು ಪಾಯಿಂಟ್ ಕಡಿಮೆ ಇದ್ದರೆ, ಹಿಂದೆ ಮೂರು ಜನ ಕೂತು ಡಿಕ್ಕಿಯಲ್ಲಿ ಕಾಳುಮೆಣಸಿನ ಮೂಟೆ ಇದ್ದರೆ, ಇನ್ನೂ ಕಡಿಮೆ.

ಆ ಮೆತ್ತೆ ಪೂರ್ತಿ ಮುಗಿದ ಕ್ಷಣದಲ್ಲೇ ಉಬ್ಬು ಹುಟ್ಟುವುದು. ಡಾಂಬರಿನ ಅಂಚು ಕೆಳಗಿನಿಂದ ತಳ್ಳುತ್ತದೆ, ರಿಮ್ ಮೇಲಿನಿಂದ ಒತ್ತುತ್ತದೆ, ನಡುವೆ ಸೈಡ್‌ವಾಲ್ ಮಡಚಿ ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಹೊರಗಿನ ರಬ್ಬರಿಗೆ ಏನೂ ಆಗುವುದಿಲ್ಲ, ಅದು ಎಳೆದರೆ ಹಿಗ್ಗುತ್ತದೆ. ಒಳಗೆ ನೂಲಿನ ಎಳೆಗಳಿವೆ, ಹೆಚ್ಚಾಗಿ ಪಾಲಿಯೆಸ್ಟರಿನವು. ಅವು ಹಿಗ್ಗುವುದಿಲ್ಲ, ಪಟ್ಟನೆ ತುಂಡಾಗುತ್ತವೆ. ಗಾಳಿಯ ಒತ್ತಡ ತಡೆದು ಟೈರಿಗೆ ಆಕಾರ ಕೊಡುತ್ತಿದ್ದದ್ದು ಆ ಎಳೆಗಳೇ. ಅವು ಹೋದ ಜಾಗದಲ್ಲಿ ಬರೀ ರಬ್ಬರ್ ಉಳಿದು, ಒಳಗಿನ ಗಾಳಿ ಅದನ್ನು ನಿಧಾನವಾಗಿ ಹೊರಗೆ ತಳ್ಳುತ್ತದೆ. ಹಾಗಾಗಿಯೇ ಉಬ್ಬು ಎಷ್ಟೋ ಸಲ ಪೆಟ್ಟು ಬಿದ್ದ ದಿನ ಕಾಣುವುದಿಲ್ಲ. ಎರಡು ದಿನಕ್ಕೋ ವಾರಕ್ಕೋ ಕಾಣುತ್ತದೆ. ತುಂಡಾದ ನೂಲನ್ನು ಮತ್ತೆ ಕೂಡಿಸಲು ಆಗುವುದಿಲ್ಲ. ಅಂಗಡಿಯವರು ಪ್ಯಾಚ್ ಇಲ್ಲ ಅಂದದ್ದು ಇದಕ್ಕೇ. ಅಂಥ ಟೈರಲ್ಲಿ ಸಂಪಾಜೆ ಘಾಟಿ ಇಳಿಯುವುದು ಬೇಡವೇ ಬೇಡ. ಅದು ಯಾವ ತಿರುವಿನಲ್ಲಿ ಒಡೆಯುತ್ತದೆ ಅಂತ ಹೇಳಿ ಒಡೆಯುವುದಿಲ್ಲ.

ಇಲ್ಲೊಂದು ಮಾತು ಸೇರಿಸಬೇಕು, ಯಾಕೆಂದರೆ ಸುಮ್ನೆ ಹೆದರಿ ಟೈರ್ ಬದಲಾಯಿಸಿದವರನ್ನೂ ನೋಡಿದ್ದೇನೆ. ಸೈಡ್‌ವಾಲ್ ಮೇಲೆ ರಿಮ್ಮಿನ ಕಡೆಯಿಂದ ಹೊರಗಡೆಗೆ ಗೆರೆ ಎಳೆದ ಹಾಗೆ ಒಂದು ತಗ್ಗು ಕಂಡರೆ ಅದು ಹಾಳಾದ ಗುರುತಲ್ಲ. ಟೈರ್ ಮಾಡುವಾಗ ಒಳಗಿನ ಪದರದ ಎರಡು ತುದಿಗಳನ್ನು ಒಂದರ ಮೇಲೊಂದು ಕೂಡಿಸಿರುತ್ತಾರೆ. ಆ ಜಾಗದಲ್ಲಿ ನೂಲು ಎರಡು ಪಟ್ಟು ಇರುವುದರಿಂದ ಅಲ್ಲಿ ಕಡಿಮೆ ಹಿಗ್ಗುತ್ತದೆ. ತಗ್ಗಿದ್ದರೆ ಬಿಡಿ, ಉಬ್ಬಿದ್ದರೆ ಬಿಡಬೇಡಿ. ಇನ್ನೊಂದು, ಹೊರಗಿನ ಬದಿ ಮಾತ್ರ ನೋಡಿದರೆ ಸಾಲದು. ಉಬ್ಬು ಒಳಬದಿಯಲ್ಲೂ ಬರುತ್ತದೆ, ಅದು ನಿಂತು ನೋಡಿದರೆ ಕಾಣುವುದಿಲ್ಲ. ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿ ಒಳಗೆ ಅಂಗೈ ಸವರಿ ನೋಡಬೇಕು.

ಕೊಡಗಿನಲ್ಲಿ ಈ 13 ಮಿಲಿಮೀಟರ್ ಬೇರೆ ಕಡೆಗಿಂತ ಜಾಸ್ತಿ ಲೆಕ್ಕಕ್ಕೆ ಬರುವುದು ಗುಂಡಿಗಳಿಂದ ಮಾತ್ರ ಅಲ್ಲ. ಗುಂಡಿ ಎಲ್ಲ ಊರಲ್ಲೂ ಇದೆ. ನಮ್ಮಲ್ಲಿ ತೊಂದರೆ ಮಾಡುವುದು ರಸ್ತೆಯ ಅಂಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಡಾಂಬರಿನ ಪಕ್ಕದ ಮಣ್ಣನ್ನು ಕೊರೆದುಕೊಂಡು ಹೋಗುತ್ತದೆ. ಮೇ ತಿಂಗಳಲ್ಲಿ ಡಾಂಬರಿನ ಸಮಕ್ಕಿದ್ದ ಮಣ್ಣು ಆಗಸ್ಟ್ ಹೊತ್ತಿಗೆ ಗೇಣು ಕೆಳಗಿರುತ್ತದೆ. ಅಂಚು ಇಟ್ಟಿಗೆ ಒಡೆದ ಹಾಗೆ ಚೂಪಾಗಿರುತ್ತದೆ, ಮೇಲೆ ಹುಲ್ಲು ಬೆಳೆದು ಮುಚ್ಚಿಕೊಂಡಿರುತ್ತದೆ. ರಸ್ತೆ ಸಣ್ಣದು, ಎದುರಿಗೆ ಬಸ್ಸೋ ಮರದ ಲಾರಿಯೋ ಬಂದರೆ ಇಳಿಯಲೇಬೇಕು. ಭಾಗಮಂಡಲ, ಕಕ್ಕಬ್ಬೆ, ಬಿರುನಾಣಿ ಕಡೆಯವರಿಗೆ ಇದು ದಿನದ ಕೆಲಸ. ಗುಂಡಿಗೆ ಚಕ್ರ ನೇರವಾಗಿ ಬೀಳುತ್ತದೆ. ಅಂಚನ್ನು ಓರೆಯಾಗಿ ಹತ್ತುವಾಗ ಪೆಟ್ಟು ಪೂರ್ತಿ ಸೈಡ್‌ವಾಲ್ ಮೇಲೆ. ನನ್ನ ಟೈರಿಗೆ ಆದದ್ದೂ ಅದೇ.

ಎಸ್ಟೇಟ್ ರಸ್ತೆ ಇನ್ನೊಂದು ಬಗೆ. ಅಲ್ಲಿ ವೇಗ ಇರುವುದಿಲ್ಲ, ಹಾಗಾಗಿ ಉಬ್ಬು ಕಡಿಮೆ. ಆದರೆ ಗಿಡದ ರೆಂಬೆ ಕತ್ತರಿಸಿದ ಮೇಲೆ ಉಳಿದ ಕೂಳೆ, ಬಿದಿರಿನ ಮೊಳೆ, ಕಲ್ಲಿನ ಮೂಲೆ ಸೈಡ್‌ವಾಲ್ ಸೀಳುತ್ತವೆ. ಆ ವಿಷಯದಲ್ಲಿ ಎರಡೂ ಟೈರಿಗೆ ಅಂಥ ವ್ಯತ್ಯಾಸವಿಲ್ಲ. ಮೊಳೆ ಚುಚ್ಚಿ ಆಗುವ ಪಂಕ್ಚರ್ ಕೂಡ ಹಾಗೇ. 15ಕ್ಕೂ 16ಕ್ಕೂ ಪಂಕ್ಚರ್ ಅಂಗಡಿಯವರು ತೆಗೆದುಕೊಳ್ಳುವುದು ಒಂದೇ ದುಡ್ಡು.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಭಾವನ ಮುಂದೆ ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಇಡುತ್ತೇನೆ. ರೇಟು ನಾನು ಕೇಳಿದ ಅಂಗಡಿಯದು. ಬ್ರ್ಯಾಂಡ್ ಬದಲಾದರೆ ಐನೂರು ಸಾವಿರ ಆಚೀಚೆ ಆಗುತ್ತದೆ. ಟೈರಿನ ಜಿಎಸ್‌ಟಿಯೂ ಅದೇ ಸೆಪ್ಟೆಂಬರ್ 22ಕ್ಕೆ ಶೇ 28ರಿಂದ 18ಕ್ಕೆ ಇಳಿದಿದೆ. ಹಾಗಾಗಿ ಅದಕ್ಕಿಂತ ಹಿಂದಿನ ಬಿಲ್ ನೋಡಿ ಹೋಲಿಸಬೇಡಿ.

185/65 R15 ಒಂದಕ್ಕೆ 4,700 ರೂಪಾಯಿ ಹೇಳಿದರು. 195/55 R16 ಒಂದಕ್ಕೆ 6,800. ನಾಲ್ಕಕ್ಕೆ 18,800 ಮತ್ತು 27,200. ವ್ಯತ್ಯಾಸ 8,400. ಭಾವ ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡಿಸುತ್ತಾರೆ. ಟೈರ್ ಮೂವತ್ತೈದು ನಲವತ್ತು ಸಾವಿರ ಕಿ.ಮೀ. ಬರುತ್ತದೆ ಅಂತ ಇಟ್ಟುಕೊಳ್ಳೋಣ. ಆರು ವರ್ಷ ಕಾರು ಇಟ್ಟುಕೊಂಡರೆ ಒಂದೇ ಸಲ ಪೂರ್ತಿ ಸೆಟ್ ಬದಲಾಯಿಸಬೇಕು.

“ಆರು ವರ್ಷಕ್ಕೆ ಎಂಟು ಸಾವಿರ. ಇದಕ್ಕೆ ಇಷ್ಟು ತಲೆ ಕೆಡಿಸ್ಕೋಬೇಕಾ ಮಾರಾಯ?” ಅಂದರು ಭಾವ.

ಅವರು ಹೇಳಿದ್ದು ಸರಿ. ಟೈರ್ ಸವೆದು ಬದಲಾಯಿಸುವ ಖರ್ಚು ಮಾತ್ರ ನೋಡಿದರೆ ಇದೊಂದು ವಿಷಯವೇ ಅಲ್ಲ. ದೊಡ್ಡ ಟೈರ್ ದುಬಾರಿ ಅಂತ ಹೇಳುವವರೆಲ್ಲ ನಿಲ್ಲುವುದು ಇಲ್ಲಿಗೇ, ಹಾಗಾಗಿಯೇ ಯಾರೂ ಅವರ ಮಾತು ಕೇಳುವುದಿಲ್ಲ. ನಿಜವಾದ ಖರ್ಚು ಇರುವುದು ಸವೆಯುವ ಮೊದಲೇ ಹೋಗುವ ಟೈರಿನಲ್ಲಿ.

ನನ್ನ ಬಿಲ್ಲನ್ನೇ ನೋಡಿ. ಉಬ್ಬಿದ್ದು ಒಂದು ಟೈರ್. ಆದರೆ ಆ ಹೊತ್ತಿಗೆ ಕಾರು ಇಪ್ಪತ್ತೆರಡು ಸಾವಿರ ಕಿ.ಮೀ. ಓಡಿತ್ತು. ಹೊಸ ಟೈರಿನ ಗೆರೆಗಳ ಆಳ ಸುಮಾರು 8 ಮಿ.ಮೀ. ಇದ್ದರೆ, ಪಕ್ಕದ ಹಳೆಯದರಲ್ಲಿ ಉಳಿದದ್ದು 4. ಮುಂದಿನ ಎರಡು ಚಕ್ರದಲ್ಲಿ ಒಂದು 8, ಒಂದು 4 ಇಟ್ಟುಕೊಂಡು ಮಳೆಯಲ್ಲಿ ಬ್ರೇಕ್ ಹಾಕಿದರೆ ಎರಡೂ ಒಂದೇ ಥರ ಹಿಡಿಯುವುದಿಲ್ಲ. ಹಾಗಾಗಿ ಎರಡು ಹೊಸ ಟೈರ್ ತೆಗೆದುಕೊಂಡೆ, ಈಗಿನ ರೇಟಿನಲ್ಲಿ 13,600. ರಿಮ್ ಕೂಡ ಒಂದು ಕಡೆ ಸ್ವಲ್ಪ ಮಡಚಿತ್ತು. ಅಲಾಯ್ ಆದ್ದರಿಂದ ಇಲ್ಲಿ ಆಗಲ್ಲ ಅಂದರು. ಮೈಸೂರಿಗೆ ಕಳಿಸಿ ಸರಿ ಮಾಡಿಸಿದ್ದಕ್ಕೆ 1,800. ಮೂರು ದಿನ ಸ್ಟೆಪ್ನಿಯಲ್ಲಿ ಓಡಾಡಿದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿ ಒಟ್ಟು ಹದಿನಾರು ಸಾವಿರದ ಹತ್ತಿರ ಹೋಯಿತು. ಒಂದು ‘ಟಕ್’ ಸದ್ದಿಗೆ.

ಅದೇ ಪೆಟ್ಟು 15 ಇಂಚಿನ ಕಬ್ಬಿಣದ ರಿಮ್ಮಿನ ಮೇಲೆ ಬಿದ್ದಿದ್ದರೆ? ಬಹುಶಃ ಏನೂ ಆಗುತ್ತಿರಲಿಲ್ಲ. ಆಗಿದ್ದರೂ ಟೈರ್ ಎರಡಕ್ಕೆ 9,400. ಕಬ್ಬಿಣದ ರಿಮ್ ಡೊಂಕಾದರೆ ಪಂಕ್ಚರ್ ಅಂಗಡಿಯಲ್ಲೇ ಸುತ್ತಿಗೆಯಲ್ಲಿ ತಟ್ಟಿ ಕೊಡುತ್ತಾರೆ, ಮುನ್ನೂರು ನಾನೂರು ರೂಪಾಯಿ. ಅಲಾಯ್ ಹಾಗಲ್ಲ. ಸ್ವಲ್ಪ ಮಡಚಿದರೆ ಯಂತ್ರದಲ್ಲಿ ಒತ್ತಿ ಸರಿ ಮಾಡಬಹುದು. ಬಿರುಕು ಬಿಟ್ಟರೆ ವೆಲ್ಡ್ ಮಾಡಿಸಿ ಓಡಿಸುವುದು ಕ್ಷೇಮವಲ್ಲ, ಹೊಸದೇ ಬೇಕು. ಕಂಪನಿಯ ಹೊಸ ಅಲಾಯ್ ಅಂದರೆ ಟೈರಿಗಿಂತ ಜಾಸ್ತಿ. ಎರಡು ಬಣ್ಣದಲ್ಲಿ ಮಿನುಗುವ ಡೈಮಂಡ್ ಕಟ್ ಅಲಾಯ್ ಆದರೆ ಗೀರು ಬಿದ್ದರೂ ಬರೀ ಬಣ್ಣ ಹೊಡೆದು ಮುಚ್ಚಲು ಆಗುವುದಿಲ್ಲ, ಮತ್ತೆ ಯಂತ್ರಕ್ಕೆ ಹಾಕಿ ಕಡೆಯಬೇಕು.

ಆರು ವರ್ಷ, ಅಂದರೆ ಆರು ಮಳೆಗಾಲದಲ್ಲಿ ಹೀಗೆ ಎರಡು ಸಲ ಆದರೆ ಮೂವತ್ತೆರಡು ಸಾವಿರ. ಅದರ ಜೊತೆ ಸವೆತದ ಎಂಟು ಸಾವಿರ. ಎರಡು ವೇರಿಯೆಂಟ್ ನಡುವಿನ ಬೆಲೆ ವ್ಯತ್ಯಾಸ ತೊಂಬತ್ತು ಸಾವಿರ ಅಂತ ಭಾವ ಬರೆದುಕೊಂಡಿದ್ದರು. ಅದು ಒಂದು ಲಕ್ಷದ ಮೂವತ್ತು ಸಾವಿರದ ಹತ್ತಿರ ಹೋಗುತ್ತದೆ. ಪೆಟ್ಟು ಒಂದೂ ಬೀಳದಿದ್ದರೆ ತೊಂಬತ್ತೆಂಟಕ್ಕೇ ನಿಲ್ಲುತ್ತದೆ. ಎಲ್ಲಿ ಓಡಿಸುತ್ತೀರಿ ಅನ್ನುವುದರ ಮೇಲೆ ಲೆಕ್ಕ. ಕುಶಾಲನಗರದಲ್ಲಿ ಮನೆ, ಮೈಸೂರಿಗೆ ಹೆದ್ದಾರಿಯಲ್ಲಿ ಓಡಾಟ ಅನ್ನುವವರು ಈ ಲೇಖನವನ್ನು ಇಲ್ಲಿಗೇ ಬಿಟ್ಟರೂ ನಷ್ಟವಿಲ್ಲ.

“ಇನ್ಶೂರೆನ್ಸ್ ಇದ್ಯಲ್ಲ” ಅಂತ ಭಾವ ಕೇಳಿದರು. ನಾನೂ ಹಾಗೇ ನಂಬಿದ್ದೆ. ಸಾಮಾನ್ಯ ಕಾಂಪ್ರೆಹೆನ್ಸಿವ್ ಪಾಲಿಸಿಯಲ್ಲಿ ಟೈರಿಗೆ ಬೇರೆಯೇ ನಿಯಮ ಇದೆ. ಕಾರಿಗೂ ಅದೇ ಹೊತ್ತಿಗೆ ಪೆಟ್ಟಾಗಿದ್ದರೆ ಮಾತ್ರ ಟೈರಿಗೆ ದುಡ್ಡು, ಅದೂ ಬದಲಾಯಿಸುವ ಖರ್ಚಿನ ಅರ್ಧ. ಟೈರ್ ಒಂದೇ ಹಾಳಾದರೆ ಏನೂ ಇಲ್ಲ. ರಸ್ತೆ ಅಂಚಿಗೆ ತಾಗಿ ಉಬ್ಬಿದ್ದು ಈ ಕೊನೆಯ ಗುಂಪಿಗೆ ಸೇರುತ್ತದೆ. ಟೈರಿಗೇ ಅಂತ ಪ್ರತ್ಯೇಕ ಆಡ್-ಆನ್ ಸಿಗುತ್ತದೆ. ತೆಗೆದುಕೊಳ್ಳುವುದಾದರೆ ಉಬ್ಬು ಮತ್ತು ಸೀಳು ಅದರಲ್ಲಿ ಸೇರಿದೆಯಾ, ಸವೆದ ಟೈರಿಗೆ ಎಷ್ಟು ಕಡಿತ ಮಾಡುತ್ತಾರೆ, ಇವೆರಡು ಓದಿಕೊಳ್ಳಿ. ಟೈರ್ ಕಂಪನಿಯ ವಾರಂಟಿ ತಯಾರಿಕೆಯ ದೋಷಕ್ಕೆ. ಗುಂಡಿಯ ಪೆಟ್ಟು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಅದನ್ನೂ ಸೇರಿಸಿ ಕೊಡುವ ಕೆಲವು ಬ್ರ್ಯಾಂಡುಗಳಿವೆ. ಟೈರ್ ಕೊಳ್ಳುವಾಗ ಕೇಳಿ ಬರೆಸಿಕೊಳ್ಳಬೇಕು.

ಇಷ್ಟು ಓದಿ “ಹಾಗಾದರೆ ದೊಡ್ಡ ರಿಮ್ ಅಂದರೆ ಕೆಟ್ಟದ್ದು” ಅಂತ ತೀರ್ಮಾನಿಸಬೇಡಿ. ಇಂಚು ನೋಡಿದರೆ ಮೋಸ ಹೋಗುತ್ತೀರಿ. ಕ್ರೆಟಾದಲ್ಲಿ ಕೆಳಗಿನ ವೇರಿಯೆಂಟ್‌ಗಳದು 205/65 R16, ಮೇಲಿನವು 215/60 R17. ಗುಣಿಸಿ ನೋಡಿ: 133 ಮತ್ತು 129. ಒಂದು ಇಂಚು ದೊಡ್ಡ ರಿಮ್ ಹಾಕಿಯೂ ಸೈಡ್‌ವಾಲ್ ಕಳೆದುಕೊಂಡದ್ದು ನಾಲ್ಕೇ ಮಿ.ಮೀ. ಇಲ್ಲಿ ಚಕ್ರವನ್ನೇ 17 ಮಿ.ಮೀ. ದೊಡ್ಡದು ಮಾಡಿದ್ದಾರೆ, ಹಾಗಾಗಿ ಕಾರು ನೆಲದಿಂದ ಎಂಟು ಮಿ.ಮೀ. ಮೇಲೆದ್ದಿದೆ ಕೂಡ. ಇಂಥ ಕಾರಿನಲ್ಲಿ ಮೇಲಿನ ವೇರಿಯೆಂಟ್ ತೆಗೆದುಕೊಂಡವರು ಟೈರಿನ ಬೆಲೆ ಜಾಸ್ತಿ ಕೊಡಬೇಕಾಗಬಹುದು, ಆದರೆ ಪೆಟ್ಟಿಗೆ ಹೆದರಬೇಕಾಗಿಲ್ಲ. ಸೆಲ್ಟೋಸ್‌ನಲ್ಲಿ 18 ಇಂಚಿನ ರಿಮ್ಮಿಗೆ ಬಂದದ್ದು 215/55, ಅಂದರೆ 118 ಮಿ.ಮೀ. ಅಲ್ಲಿ ಮತ್ತೆ ತೆಳ್ಳಗಾಯಿತು. ಸ್ವಿಫ್ಟ್‌ನಲ್ಲಿ ಕೆಳಗಿನವಕ್ಕೆ 165/80 R14, ಮೇಲಿನವಕ್ಕೆ 185/65 R15. 132 ಮತ್ತು 120. ಅಲ್ಲಿ ಮೇಲಿನ ವೇರಿಯೆಂಟ್‌ನ ಸೈಡ್‌ವಾಲೇ ನಾವು ಇಷ್ಟು ಹೊತ್ತು ಹೊಗಳಿದ 120.

ಹಾಗಾಗಿ ಪಟ್ಟಿಯಲ್ಲಿ ನೋಡಬೇಕಾದದ್ದು ಇಂಚು ಅಲ್ಲ, ಅಗಲ ಮತ್ತು ಪ್ರೊಫೈಲ್ ಗುಣಿಸಿದರೆ ಬರುವ ಮಿಲಿಮೀಟರ್. ನನ್ನ ಅನುಭವಕ್ಕೆ, ನಮ್ಮ ರಸ್ತೆಗಳಲ್ಲಿ 115ರ ಮೇಲಿದ್ದರೆ ತಲೆಬಿಸಿ ಕಡಿಮೆ. 110ರ ಕೆಳಗೆ ಹೋದರೆ ಮಳೆಗಾಲದಲ್ಲಿ ಕಿವಿ ಟೈರಿನ ಕಡೆಗೇ ಇರುತ್ತದೆ. ಇದು ನನ್ನ ಗೆರೆ, ಯಾವ ಪುಸ್ತಕದ ನಿಯಮವೂ ಅಲ್ಲ.

ತೆಳ್ಳಗಿನ ಟೈರಿನಿಂದ ಲಾಭವೇ ಇಲ್ಲ ಅಂತಲೂ ಅಲ್ಲ. ಸೈಡ್‌ವಾಲ್ ಗಿಡ್ಡ ಇದ್ದಷ್ಟೂ ತಿರುವಿನಲ್ಲಿ ಕಡಿಮೆ ಬಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಕಾರು ಕೇಳುತ್ತದೆ. ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯುವಾಗ ಆ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ, ನನಗೆ ಅದು ಇಷ್ಟವೂ ಹೌದು. ಮಳೆಯಲ್ಲಿ ಹಿಡಿತ ಜಾಸ್ತಿ ಅಂತ ಶೋರೂಮಿನಲ್ಲಿ ಹೇಳಿದರೆ ಮಾತ್ರ ನಂಬಬೇಡಿ. ನೀರಿನ ಮೇಲೆ ತೇಲುವ ವಿಷಯದಲ್ಲಿ ಅಗಲದ ಟೈರಿಗೆ ಕಷ್ಟವೇ ಸ್ವಲ್ಪ ಜಾಸ್ತಿ. ಹತ್ತು ಮಿ.ಮೀ. ಅಗಲಕ್ಕಿಂತ ಗೆರೆಗಳಲ್ಲಿ ಎಷ್ಟು ಆಳ ಉಳಿದಿದೆ ಅನ್ನುವುದು ಹತ್ತು ಪಟ್ಟು ದೊಡ್ಡ ವಿಷಯ. ಕಾನೂನು 1.6 ಮಿ.ಮೀ.ವರೆಗೆ ಬಿಡುತ್ತದೆ. ನಮ್ಮ ಮಳೆಗೆ ನಾನು 3ಕ್ಕೇ ಬದಲಾಯಿಸುತ್ತೇನೆ.

ಭಾವನ ತೊಡಕು ಬೇರೆ ಇತ್ತು. ಹಿಂದಿನ ಗಾಜಿಗೆ ವೈಪರ್ ಮತ್ತು ಡಿಫಾಗರ್ ಬೇಕು. ನಾಪೋಕ್ಲಿನಲ್ಲಿ ಮನೆ ಇರುವವರಿಗೆ ಅದು ಶೋಕಿಯಲ್ಲ, ವರ್ಷಕ್ಕೆ ನಾಲ್ಕು ತಿಂಗಳು ಹಿಂದೆ ಕಾಣಬೇಕಾದರೆ ಅದು ಇರಲೇಬೇಕು. ಅವರು ನೋಡಿದ ಕಾರಿನಲ್ಲಿ ಅದು ಬರುವುದು 16 ಇಂಚಿನ ವೇರಿಯೆಂಟ್‌ನಿಂದ ಮೇಲೆ. ಕಂಪನಿಗಳು ವೇರಿಯೆಂಟ್ ಜೋಡಿಸುವುದೇ ಹೀಗೆ. ಬೇಕಾದ್ದರ ಜೊತೆ ಬೇಡದ್ದನ್ನು ಕಟ್ಟಿ ಕೊಡುತ್ತಾರೆ. ಟೊಮೆಟೊ ಬೇಕಾದರೆ ಕೊತ್ತಂಬರಿನೂ ತಗೋ ಅಂದ ಹಾಗೆ, ಆದರೆ ಇಲ್ಲಿ ಕೊತ್ತಂಬರಿ 27 ಸಾವಿರದ್ದು.

ಒಂದು ದಾರಿ ಇದೆ. ಮೇಲಿನ ವೇರಿಯೆಂಟ್ ತೆಗೆದುಕೊಂಡು ಕೆಳಗಿನದರ ಚಕ್ರ ಹಾಕುವುದು. ಚಕ್ರದ ಪೂರ್ತಿ ಎತ್ತರ ಒಂದೇ ಇರುವ ಕಾರಿನಲ್ಲಿ ಇದು ಸಲೀಸು. ಅದೇ ಮಾಡೆಲ್‌ನ ಕಂಪನಿ ರಿಮ್ ಆದರೆ ನಟ್ಟಿನ ತೂತು, ನಡುವಿನ ತೂತು ಎಲ್ಲ ಹೊಂದುತ್ತದೆ. ನೋಡಬೇಕಾದದ್ದು ಬ್ರೇಕ್. ಕೆಲವು ಕಾರುಗಳ ಮೇಲಿನ ವೇರಿಯೆಂಟ್‌ಗಳಿಗೆ ದೊಡ್ಡ ಡಿಸ್ಕ್ ಅಥವಾ ಹಿಂದೆಯೂ ಡಿಸ್ಕ್ ಇರುತ್ತದೆ. ಸಣ್ಣ ರಿಮ್ ಅದಕ್ಕೆ ತಾಗುತ್ತದೆ. ಉತ್ತರ ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಸಿಗಬಹುದು. ಗಾಳಿ ಎಷ್ಟಿರಬೇಕು ಅಂತ ಬರೆದಿರುವ ಅದೇ ಚೀಟಿ. ಎಷ್ಟೋ ಕಾರುಗಳಲ್ಲಿ ಅದರಲ್ಲಿ ಎರಡೂ ಅಳತೆ ಇರುತ್ತದೆ. ನಿಮ್ಮ ಕಾರಿನ ಚೀಟಿಯಲ್ಲಿ ಸಣ್ಣ ಅಳತೆ ಇಲ್ಲದಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳದೆ ಹಾಕಬೇಡಿ.

ಟೈರ್ ಮೇಲೆ ಅಳತೆಯ ಪಕ್ಕದಲ್ಲೇ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತದೆ. 185/65 R15 ಮೇಲೆ 88H, 195/55 R16 ಮೇಲೆ 87V ಅಂತ. 88 ಅಂದರೆ ಒಂದು ಟೈರ್ 560 ಕಿಲೋ ಹೊರುತ್ತದೆ, 87 ಅಂದರೆ 545. ಸಣ್ಣ ರಿಮ್ಮಿನ ಟೈರ್ ಕಡಿಮೆ ಹೊರುತ್ತದೆ ಅಂತ ಅಂದುಕೊಳ್ಳುವವರು ಇದನ್ನು ನೋಡಬೇಕು. ಭಾರ ಹೊರುವುದು ಒಳಗಿನ ಗಾಳಿ. ಸೈಡ್‌ವಾಲ್ ಎತ್ತರ ಇದ್ದರೆ ಗಾಳಿಗೂ ಜಾಗ ಜಾಸ್ತಿ.

ಸ್ಟೆಪ್ನಿ ಬಗ್ಗೆ ಒಂದು ಮಾತು. ಮೇಲಿನ ವೇರಿಯೆಂಟ್ ಕೊಂಡರೂ ಡಿಕ್ಕಿಯಲ್ಲಿರುವುದು ಸಣ್ಣ ಅಳತೆಯ ಕಬ್ಬಿಣದ ಚಕ್ರವೇ ಇರಬಹುದು. ನನ್ನ ಕಾರಿನಲ್ಲಿ ಹಾಗೇ ಇತ್ತು. ಹಾಗಿದ್ದರೆ ನಾಲ್ಕರ ಜೊತೆ ಐದನೆಯದನ್ನೂ ತಿರುಗಿಸಿ ಸವೆತ ಹಂಚಲು ಆಗುವುದಿಲ್ಲ. ಅದರ ಮೇಲೆ 80 ಕಿ.ಮೀ. ವೇಗದ ಮಿತಿಯ ಚೀಟಿ ಇದ್ದರೆ ಅದು ಮನೆ ಮುಟ್ಟಲು ಮಾತ್ರ. 2020ರಿಂದ ಟೈರ್ ಒತ್ತಡ ತೋರಿಸುವ ಮೀಟರ್ ಮತ್ತು ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕೊಡದೇ ಇರಲೂ ನಿಯಮ ಬಿಡುತ್ತದೆ. ಆ ಕಿಟ್ಟಿನ ಅಂಟು ಮೊಳೆ ತೂತಿಗೆ ಸಾಕು, ಸೀಳಿದ ಸೈಡ್‌ವಾಲಿಗೆ ಏನೂ ಮಾಡುವುದಿಲ್ಲ. ಮಾಕುಟ್ಟದ ಕಾಡಿನ ನಡುವೆ ರಾತ್ರಿ ಎಂಟಕ್ಕೆ ಸೈಡ್‌ವಾಲ್ ಸೀಳಿತು ಅಂದುಕೊಳ್ಳಿ. ಸ್ಟೆಪ್ನಿ ಇಲ್ಲದ ಕಾರನ್ನು ನಾನಂತೂ ಇಲ್ಲಿಗೆ ತೆಗೆದುಕೊಳ್ಳುವುದಿಲ್ಲ.

ಭಾವ ಕೊನೆಗೆ ಏನು ಮಾಡಿದರು ಅಂದರೆ, ವೈಪರ್ ಇರುವ ವೇರಿಯೆಂಟನ್ನೇ ಬುಕ್ ಮಾಡಿದರು. ಚಕ್ರ ಬದಲಾಯಿಸಿ ಕೊಡಿ ಅಂತ ಶೋರೂಮಿನಲ್ಲಿ ಕೇಳಿದ್ದಕ್ಕೆ ಅವರು ನಕ್ಕರಂತೆ. ಕಾರು ಮನೆಗೆ ಬಂದ ದಿನ ಎಲ್ಲರೂ ಮುಂದೆ ನಿಂತು ಫೋಟೋ ತೆಗೆಯುತ್ತಿದ್ದರೆ ಇವರು ಬಾಗಿಲು ತೆಗೆದು ಕಂಬದ ಚೀಟಿಯ ಫೋಟೋ ತೆಗೆದು ನನಗೆ ಕಳಿಸಿದರು. ಎರಡೂ ಅಳತೆ ಇತ್ತು. ಈಗ ಕಾಫಿ ಕೊಯ್ಲಿನ ಹೊತ್ತು, ರಸ್ತೆ ಒಣಗಿದೆ, ಅಲಾಯ್ ಮೇಲೆಯೇ ಓಡಿಸುತ್ತಿದ್ದಾರೆ. ಮೇ ತಿಂಗಳ ಒಳಗೆ ನಾಲ್ಕು ಕಬ್ಬಿಣದ ರಿಮ್ ಹುಡುಕಿಕೊಡು ಅಂತ ನನಗೆ ಹೇಳಿದ್ದಾರೆ. ಗೋಣಿಕೊಪ್ಪದಲ್ಲಿ ಒಬ್ಬರ ಹತ್ತಿರ ಎರಡು ಇದೆಯಂತೆ, ಇನ್ನೆರಡು ಸಿಗಬೇಕು.